ತಪ್ಪಿ ಬಂದ ಹದಿನೆಂಟು ಸಾವಿರ: ಗೆಳೆಯರಿಗೆ ಹೇಗೆ ತಿಳಿಸುವುದು?

‘ಎಚ್ಚರ! ಎಚ್ಚರ! ಈ ನಂಬರಿನಿಂದ ಕರೆ ಬಂದರೆ ಎತ್ತಲೇಬೇಡಿ, ಎತ್ತಿದ ಕೂಡಲೇ ನಿಮ್ಮ ಖಾತೆ ಖಾಲಿ. ಹತ್ತು ಗ್ರೂಪಿಗೆ ಕಳಿಸಿ.’ ಇಂಥ ವಾಟ್ಸ್ಆ್ಯಪ್ ಸಂದೇಶ ನೋಡದವರು ಕಡಿಮೆ. ಕಳಿಸಿದವರ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಆದರೆ ಹೇಳಿರುವ ಸಂಗತಿಯೇ ತಪ್ಪು. ಬರೀ ಕರೆ ಎತ್ತಿದ ಮಾತ್ರಕ್ಕೆ ಯುಪಿಐ ಖಾತೆಯಿಂದ ಹಣ ಹೋಗುವುದಿಲ್ಲ. ನಡುವೆ ಖಾತೆದಾರರೇ ಇಡುವ ಒಂದು ಹೆಜ್ಜೆ ಇರುತ್ತದೆ, ಸಾಮಾನ್ಯವಾಗಿ ಪಿನ್ ಒತ್ತುವುದು. ಮೋಸಗಾರನ ಮಾತುಗಾರಿಕೆಯೆಲ್ಲ ಆ ಹೆಜ್ಜೆ ಇಡಿಸುವುದಕ್ಕೇ. ಅದನ್ನು ಹೇಳದೆ ‘ಕರೆ ಎತ್ತಬೇಡಿ’ ಎಂದರೆ, ಓದಿದವರು ನಾಲ್ಕು ದಿನ ಕೊರಿಯರ್ ಹುಡುಗನ ಕರೆಯನ್ನೂ ಕತ್ತರಿಸುತ್ತಾರೆ. ಐದನೆಯ ದಿನ ಬೇರೆ ನಂಬರಿನಿಂದ ಬಂದ ಮೋಸಕ್ಕೆ ಸಿಕ್ಕಿಬೀಳುತ್ತಾರೆ.

ಹಾಗಾದರೆ ಏನು ಬರೆಯಬೇಕು? ಈಚೆಗೆ ಬಹಳ ಜನ ಸಿಕ್ಕಿಬೀಳುತ್ತಿರುವ ಒಂದು ಮೋಸವನ್ನೇ ಇಟ್ಟುಕೊಂಡು ನೋಡೋಣ.

ದಾವಣಗೆರೆಯ ಹಾಸ್ಟೆಲಿನಲ್ಲಿರುವ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಫೋನ್ ಬರುತ್ತದೆ. ‘ಏನಮ್ಮಾ, ನಾನು ನಿಮ್ಮಪ್ಪನ ಸ್ನೇಹಿತ. ಅವರಿಗೆ ಹನ್ನೆರಡು ಸಾವಿರ ಕೊಡಬೇಕಿತ್ತು. ಅವರ ಫೋನಿಗೆ ಹೋಗ್ತಿಲ್ಲ, ಮಗಳ ನಂಬರಿಗೇ ಹಾಕಿಬಿಡಿ ಅಂದ್ರು.’ ಮಾತಿನ ನಡುವೆಯೇ ಟಣ್ ಎಂದು ಎಸ್ಸೆಮ್ಮೆಸ್: ನಿಮ್ಮ ಖಾತೆಗೆ 10,000 ರೂಪಾಯಿ ಜಮೆ. ‘ಬಂತಾ? ಇನ್ನೆರಡು ಸಾವಿರ ಹಾಕ್ತೀನಿ.’ ಮತ್ತೊಂದು ಎಸ್ಸೆಮ್ಮೆಸ್: 20,000 ಜಮೆ. ಆಗ ದನಿ ಬದಲಾಗುತ್ತದೆ. ‘ಅಯ್ಯೋ, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ ಕಣಮ್ಮಾ. ಆಸ್ಪತ್ರೆ ದುಡ್ಡು ಅದು. ಹದಿನೆಂಟು ಸಾವಿರ ವಾಪಸ್ ಹಾಕಿಬಿಡು, ಲೈನಲ್ಲೇ ಇರ್ತೀನಿ.’ ಹುಡುಗಿ ಮರ್ಯಾದಸ್ಥರ ಮನೆಯವಳು, ಬೇರೆಯವರ ದುಡ್ಡು ಇಟ್ಟುಕೊಳ್ಳುವವಳಲ್ಲ. ಪಿನ್ ಒತ್ತಿ ಕಳಿಸುತ್ತಾಳೆ. ಅವಳ ಖಾತೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಬಂದದ್ದು ಎರಡು ಎಸ್ಸೆಮ್ಮೆಸ್ ಮಾತ್ರ, ಅದೂ ಬ್ಯಾಂಕಿನಿಂದಲ್ಲ, ಕರೆ ಮಾಡಿದವನ ಕಡೆಯಿಂದ.

ಇಲ್ಲಿ ಕೆಲಸ ಮಾಡಿದ್ದು ದುರಾಸೆಯಲ್ಲ, ಪ್ರಾಮಾಣಿಕತೆ. ಹಾಗಾಗಿ ‘ದುರಾಸೆಗೆ ಬಲಿಯಾಗಬೇಡಿ’ ಎಂಬ ಮಾಮೂಲಿ ಬುದ್ಧಿಮಾತು ಈ ಮೋಸಕ್ಕೆ ಒಂದಿಷ್ಟೂ ಉಪಯೋಗವಿಲ್ಲ. ಗುರುತು ಹಿಡಿಯುವ ದಾರಿ ಸುಲಭ. ಬ್ಯಾಂಕಿನ ಸಂದೇಶ ಅಕ್ಷರಗಳಿರುವ ಹೆಸರಿನಿಂದ ಬರುತ್ತದೆ, ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ, ಎಸ್ಸೆಮ್ಮೆಸ್ ಬದಿಗಿಟ್ಟು ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದು. ಹಣ ಬಂದಿದ್ದರೆ ಅಲ್ಲಿ ಕಾಣುತ್ತದೆ.

ನಿಜವಾಗಿಯೇ ಬಂದಿದ್ದರೆ? ಕಾನೂನಿನ ಗಂಟು ಇರುವುದು ಇಲ್ಲಿ. ಬೇರೆಯವರ ಹಣ ಎಂದು ಗೊತ್ತಿದ್ದೂ ಖರ್ಚು ಮಾಡುವಂತಿಲ್ಲ, ಅದು ಅಪ್ರಾಮಾಣಿಕ ದುರ್ಬಳಕೆಯ ಅಪರಾಧವಾಗಬಹುದು. ಹಾಗೆಂದು ಫೋನಿನಲ್ಲಿ ಹೇಳಿದ ಯಾವುದೋ ಯುಪಿಐ ಐಡಿಗೆ ಕಳಿಸುವುದೂ ತಪ್ಪು ದಾರಿ. ಆ ಹಣ ಇನ್ನೊಬ್ಬರಿಂದ ಕದ್ದದ್ದಾಗಿದ್ದರೆ, ನಿಮ್ಮ ಖಾತೆ ಕಳ್ಳತನದ ಹಣ ದಾಟಿದ ಒಂದು ಮೆಟ್ಟಿಲಾಗಿ ಪೊಲೀಸರ ಪಟ್ಟಿಗೆ ಸೇರುತ್ತದೆ, ಅದರಲ್ಲಿರುವ ಮೊತ್ತ ತಡೆಹಿಡಿಯಲ್ಪಡಬಹುದು. ಸರಿಯಾದ ಉತ್ತರ ಒಂದೇ: ‘ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಾನು ನನ್ನ ಬ್ಯಾಂಕಿಗೆ ತಿಳಿಸ್ತೀನಿ.’ ತಿಳಿಸುವುದನ್ನು ಲಿಖಿತವಾಗಿ, ಇಮೇಲ್ ಮೂಲಕವಾದರೂ ಮಾಡಿ. ಹಣ ಬ್ಯಾಂಕಿನ ಮೂಲಕವೇ ಹಿಂದೆ ಹೋಗಲಿ. ನಿಜವಾಗಿ ತಪ್ಪಿ ಕಳಿಸಿದವರು ಇದಕ್ಕೆ ಒಪ್ಪುತ್ತಾರೆ. ಮೋಸಗಾರ ಬೈಯಲು ಶುರುಮಾಡುತ್ತಾನೆ.

ಹಣ ಹೋಗಿಬಿಟ್ಟಿದ್ದರೆ ಮೊದಲ ಕೆಲಸ 1930ಕ್ಕೆ ಕರೆ. ಪೊಲೀಸ್ ಠಾಣೆ ಹುಡುಕುತ್ತಾ, ಅಣ್ಣ ಬರಲಿ ಎಂದು ಕಾಯುತ್ತಾ ಕೂರುವ ಹೊತ್ತಿನಲ್ಲಿ ಹಣ ಮೂರು ಖಾತೆ ದಾಟಿರುತ್ತದೆ. ಕರೆ ಸ್ವೀಕರಿಸಿದವರು ಬ್ಯಾಂಕಿನ ಹೆಸರು, ಮೊತ್ತ, ದಿನ, ಹೊತ್ತು ಮತ್ತು ವಹಿವಾಟಿನ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ಯುಪಿಐ ಆ್ಯಪಿನ ಇತಿಹಾಸದಲ್ಲಿ, ಆ ಪಾವತಿಯ ಮೇಲೆ ಒತ್ತಿದರೆ ಸಿಗುವ ಹನ್ನೆರಡು ಅಂಕಿ. ಮಾಹಿತಿ ಹಣ ಹೋದ ಬ್ಯಾಂಕಿಗೆ ತಲುಪುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ದಾಟುತ್ತದೆ. ಬಳಿಕ cybercrime.gov.in ತಾಣದಲ್ಲಿ ದೂರನ್ನು ಪೂರ್ತಿ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆದುಕೊಳ್ಳಬೇಕು.

ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರೆ ಸುಮ್ಮನೆ ಎದ್ದು ಬರಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಠಾಣೆಯಲ್ಲಿ ಮಾಹಿತಿ ಕೊಡಬಹುದು. ಆನ್‌ಲೈನ್‌ನಲ್ಲೂ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಕಂಪ್ಯೂಟರ್ ಅಥವಾ ಫೋನಿನ ಮೂಲಕ ಬೇರೆಯವನಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸದ ಅಪರಾಧ.

ಇನ್ನು ಬಹಳ ಓಡಾಡುತ್ತಿರುವ ಒಂದು ಮಾತು: ‘ಮೂರು ದಿನದೊಳಗೆ ದೂರು ಕೊಟ್ಟರೆ ಬ್ಯಾಂಕು ಪೂರ್ತಿ ಹಣ ಕೊಡಲೇಬೇಕು.’ ಇದು ಅರ್ಧ ಸತ್ಯ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಮೂರು ಕೆಲಸದ ದಿನಗಳ ಮಾತಿರುವುದು ನಿಜ. ಆದರೆ ಅದು ಗ್ರಾಹಕರ ಅಥವಾ ಬ್ಯಾಂಕಿನ ತಪ್ಪಿಲ್ಲದೆ ಬೇರೆಲ್ಲೋ ಲೋಪವಾಗಿ, ಅವರಿಗೆ ಗೊತ್ತಿಲ್ಲದೆ ಹಣ ಹೋದಾಗ ಅನ್ವಯಿಸುವಂಥದ್ದು. ಗ್ರಾಹಕರ ನಿರ್ಲಕ್ಷ್ಯದಿಂದ ನಷ್ಟವಾಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ನಮ್ಮ ವಿದ್ಯಾರ್ಥಿನಿ ತಾನೇ ಪಿನ್ ಒತ್ತಿ ಕಳಿಸಿದ್ದಾಳೆ. ಮೊದಲ ರಕ್ಷಣೆ ಅವಳಿಗೆ ಸುಲಭಕ್ಕೆ ಸಿಗುವುದಿಲ್ಲ. ಅವಳ ನಿಜವಾದ ಆಸರೆ 1930ರ ಕರೆಯಿಂದ ತಡೆಹಿಡಿಯಲಾದ ಹಣ. ಅದೂ ಆಕೆಯ ಕೈಗೆ ಕೂಡಲೇ ಬರುತ್ತದೆ ಎನ್ನುವಂತಿಲ್ಲ. ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಶುಲ್ಕವಿಲ್ಲದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು. ನಿಮ್ಮ ಸಂದೇಶದಲ್ಲಿ ‘ಪೂರ್ತಿ ಹಣ ವಾಪಸ್’ ಎಂಬ ಆಸೆ ಮಾತ್ರ ಹುಟ್ಟಿಸಬೇಡಿ.

ಇಷ್ಟು ಗೊತ್ತಿದ್ದರೆ ಗ್ರೂಪಿಗೆ ಹಾಕುವ ಬರಹ ಹೀಗಿರಬಹುದು:

‘ಈ ವಾರ ನಮ್ಮ ಪರಿಚಯದವರೊಬ್ಬರು ಹಣ ಕಳೆದುಕೊಂಡ ರೀತಿ ಇದು. ಮನೆಯವರ ಸ್ನೇಹಿತ ಎಂದು ಒಬ್ಬರು ಕರೆ ಮಾಡಿ, ಹಣ ಹಾಕಿದ್ದೇನೆ ಎನ್ನುತ್ತಾರೆ. ಜಮೆಯಾದಂತೆ ಎಸ್ಸೆಮ್ಮೆಸ್ ಬರುತ್ತದೆ. ತಪ್ಪಿ ಜಾಸ್ತಿ ಹೋಯಿತು, ವಾಪಸ್ ಹಾಕಿ ಎನ್ನುತ್ತಾರೆ. ಎಸ್ಸೆಮ್ಮೆಸ್ ನಂಬಬೇಡಿ, ಬ್ಯಾಂಕಿನ ಆ್ಯಪಿನಲ್ಲಿ ಬ್ಯಾಲೆನ್ಸ್ ನೋಡಿ. ನಿಜವಾಗಿ ಹಣ ಬಂದಿದ್ದರೂ ನೀವೇ ಕಳಿಸಬೇಡಿ, ಬ್ಯಾಂಕಿಗೆ ತಿಳಿಸಿ. ಕರೆ ಎತ್ತಿದ ಮಾತ್ರಕ್ಕೆ ಹಣ ಹೋಗುವುದಿಲ್ಲ, ಗಾಬರಿ ಬೇಡ. ಈಗಾಗಲೇ ಕಳಿಸಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬಳಿಕ cybercrime.gov.in ನಲ್ಲಿ ದೂರು ದಾಖಲಿಸಿ.’

ಕೆಳಗೆ ತಾರೀಕು ಮತ್ತು ಬರೆದವರ ಹೆಸರು ಇರಲಿ. ತಾರೀಕು ಏಕೆಂದರೆ, ಇಂಥ ಸಂದೇಶಗಳಿಗೆ ಸಾವಿಲ್ಲ. 2021ರಲ್ಲಿ ಸೈಬರ್ ಸಹಾಯವಾಣಿಯ ಸಂಖ್ಯೆ 155260 ಆಗಿತ್ತು, ಆಮೇಲೆ 1930 ಆಯಿತು. ಹಳೆಯ ಸಂಖ್ಯೆಯ ಸಂದೇಶ ಎಂದಿನದು ಎಂದು ತಿಳಿಯದೆ ಮುಂದಕ್ಕೆ ಕಳಿಸಿದರೆ, ಅವಸರದಲ್ಲಿರುವವರ ಅಮೂಲ್ಯ ಹೊತ್ತು ಹಾಳು.

ಆ ಬರಹದಲ್ಲಿ ಕರೆ ಮಾಡಿದವನ ನಂಬರ್, ಹಣ ಹೋದ ಖಾತೆಯ ಹೆಸರು, ಪ್ರೊಫೈಲಿನ ಫೋಟೊ ಇಲ್ಲದಿರುವುದನ್ನು ಗಮನಿಸಿ. ಅವನ್ನೂ ಹಾಕಿದರೆ ಇನ್ನಷ್ಟು ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಹಣ ಹೋದ ಖಾತೆ ಎಷ್ಟೋ ಸಲ ಬಾಡಿಗೆಗೆ ಪಡೆದದ್ದು, ಸಿಮ್ ಯಾವುದೋ ಕೂಲಿಯವನ ದಾಖಲೆಯ ಮೇಲೆ ತೆಗೆದದ್ದು, ಫೋಟೊ ಎಲ್ಲಿಂದಲೋ ಕದ್ದದ್ದು. ನಾಳೆ ಆ ನಂಬರ್ ಇನ್ನೊಬ್ಬರಿಗೆ ಹಂಚಿಕೆಯಾದರೆ ಬೈಗುಳ ತಿನ್ನುವವರು ಅವರು. ಖಚಿತವಿಲ್ಲದೆ ಒಬ್ಬರನ್ನು ಕಳ್ಳ ಎಂದು ಹೆಸರಿಟ್ಟು ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯ ದೂರು ಬರಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟ ಎಚ್ಚರಿಕೆಗೆ ಆ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಅದನ್ನು ಸಾಬೀತು ಮಾಡುತ್ತಾ ಕೋರ್ಟಿಗೆ ಅಲೆಯಬೇಕಾದವರು ನೀವು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಒಬ್ಬ ಅಮಾಯಕನ ಜೀವವನ್ನೇ ತೆಗೆಯಿತು. ಫೋಟೊ ಹಂಚುವ ಮುನ್ನ ಆ ಊರು ನೆನಪಿರಲಿ. ನಂಬರ್ ತಲುಪಬೇಕಾದದ್ದು ಗ್ರೂಪಿಗಲ್ಲ, ಪೊಲೀಸರಿಗೆ. ಹಣ ಹೋಗದೆ ಬರೀ ಅನುಮಾನದ ಕರೆ ಬಂದಿದ್ದರೆ ದೂರಸಂಪರ್ಕ ಇಲಾಖೆಯ sancharsaathi.gov.in ತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು.

ಹಣ ಕಳೆದುಕೊಂಡವರ ಹೆಸರೂ ಅಲ್ಲಿಲ್ಲ. ಅವರು ತಾವಾಗಿ ಒಪ್ಪದ ಹೊರತು ‘ಪರಿಚಯದವರೊಬ್ಬರು’ ಸಾಕು. ‘ಓದಿದವರಿಗೂ ಇಷ್ಟು ತಿಳಿಯಲಿಲ್ವಾ?’ ಎಂದು ಒಬ್ಬರು ಗ್ರೂಪಿನಲ್ಲಿ ಬರೆದರೆ ಸಾಕು, ನಾಳೆ ಮೋಸಹೋಗುವ ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದೆ ಕಳೆದ ಎರಡು ಗಂಟೆಯಲ್ಲಿ ಹಣ ಎಟಿಎಮ್ಮಿನಿಂದ ನೋಟಾಗಿ ಹೊರಬಿದ್ದಿರುತ್ತದೆ. ಆಮೇಲೆ ತಡೆಹಿಡಿಯಲು ಖಾತೆಯಲ್ಲಿ ಏನೂ ಉಳಿದಿರುವುದಿಲ್ಲ.

ಸಂದೇಶ ಹಾಕಿದ ಮೇಲೆ ಯಾರಾದರೂ ‘ನನಗೂ ಹೀಗೇ ಆಯ್ತು’ ಎಂದು ಖಾಸಗಿಯಾಗಿ ಬರೆದರೆ, ಹೇಗಾಯಿತು, ಯಾಕೆ ನಂಬಿದಿರಿ ಎಂದು ವಿಚಾರಿಸಲು ಹೋಗಬೇಡಿ. ಅವರಿಗೆ ಫೋನ್ ಮಾಡಿ, ಮೊದಲು ‘1930ಕ್ಕೆ ಹೇಳಿದಿರಾ?’ ಎಂದು ಕೇಳಿ. ಇಲ್ಲ ಎಂದರೆ ಆ ಹನ್ನೆರಡು ಅಂಕಿಯನ್ನು ಹುಡುಕಿಕೊಟ್ಟು, ಅವರು ಕರೆ ಮುಗಿಸುವ ತನಕ ಜೊತೆಗಿರಿ.