ಗೊರಕೆ ನಿಂತ ಹೊತ್ತನ್ನು ಎಣಿಸು



ಮನೆಯ ಮಾತನ್ನು ಕಾಕಾ ಪತ್ರಿಕೆಗೆ ಯಾಕೆ ಬರೆದ ಎಂದು ಸಿಟ್ಟಾಗಬೇಡ. ನಿನ್ನಂಥವರು ಹುಬ್ಬಳ್ಳಿಯ ಓಣಿ ಓಣಿಯಲ್ಲೂ ಇದ್ದಾರೆ. ನಿನ್ನ ಹೆಂಡತಿ ಫೋನ್ ಮಾಡಿದಾಗ ಹೇಳಿದ ಮಾತನ್ನು ಅವರ ಮನೆಯವರೂ ಓದಲಿ ಎಂದೇ ಹೀಗೆ ಬರೆಯುತ್ತಿದ್ದೇನೆ. ಆಕೆ ಅಂದದ್ದು ಇಷ್ಟು: 'ಮಾವಾರ, ಇವರು ಗೊರಕಿ ಹೊಡದ್ರ ನನಗೇನ್ ಚಿಂತಿ ಇಲ್ರಿ. ನಡಬರಕ ಸಪ್ಪಳ ನಿಂತಬಿಡತೈತಿ. ಆಗ ಎದ್ದು ಕುಂತು ಉಸಿರು ಐತೋ ಇಲ್ಲೋ ನೋಡತೇನ್ರಿ.'

ಎದೆರೋಗದ ವೈದ್ಯನಾಗಿ ಬಾಳು ಕಳೆದವನಿಗೆ ಈ ಒಂದು ಮಾತು ಸಾಕು. ಎಲ್ಲರೂ ದೂರುವುದು ಸಪ್ಪಳದ ಬಗ್ಗೆ, ಆದರೆ ನಾವು ಕೇಳುವುದು ಸಪ್ಪಳ ನಿಲ್ಲುತ್ತದೆಯೇ ಎಂದು. ಬರೀ ಗೊರಕೆ ಹೊಡೆಯುವವನ ಉಸಿರು ಒಂದೇ ಸಮ ನಡೆಯುತ್ತದೆ. ನಿನ್ನದು ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ಆ ಹೊತ್ತಿನಲ್ಲೂ ಎದೆ, ಹೊಟ್ಟೆ ಏರಿಳಿಯುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಮೇಲೆ ಸೀನಿದ ಹಾಗೆ, ಉಸಿರುಗಟ್ಟಿದವನು ಏದುಸಿರು ಬಿಟ್ಟ ಹಾಗೆ ಒಂದು ದೊಡ್ಡ ಸಪ್ಪಳವಾಗಿ ಗೊರಕೆ ಮತ್ತೆ ಶುರುವಾಗುತ್ತದೆ. ಆ ಮೌನ 10 ಸೆಕೆಂಡು ಇಲ್ಲವೆ ಅದಕ್ಕಿಂತ ಹೆಚ್ಚಿದ್ದರೆ ಅದಕ್ಕೆ ಆಪ್ನಿಯಾ ಎನ್ನುತ್ತೇವೆ.

ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಗಂಟಲಿಗೆ ಎಲುಬಿನ ಆಧಾರವಿಲ್ಲ, ಅದನ್ನು ತೆರೆದಿಡುವುದು ಸ್ನಾಯುಗಳು. ನಿದ್ದೆ ಬಂದಾಗ ಅವು ಸಡಿಲಾಗುತ್ತವೆ, ನಾಲಗೆ ಹಿಂದೆ ಜಾರುತ್ತದೆ. ಕುತ್ತಿಗೆಯ ಸುತ್ತ ಕೊಬ್ಬು ಇದ್ದರೆ ಅಥವಾ ಗದ್ದ ಸಣ್ಣದಿದ್ದರೆ ದಾರಿ ಮೊದಲೇ ಕಿರಿದಾಗಿರುತ್ತದೆ. ಮೆತ್ತನೆಯ ಸ್ಟ್ರಾದ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಜೋರಾಗಿ ಎಳೆದರೆ ಅದರ ಗೋಡೆಗಳು ಅಂಟಿಕೊಳ್ಳುವಂತೆ, ಎದೆ ಎಳೆದಷ್ಟೂ ಗಂಟಲು ಮುಚ್ಚಿಕೊಳ್ಳುತ್ತದೆ. ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಕೆಲವೇ ಸೆಕೆಂಡು ಎಚ್ಚರಾಗಿ ಗಂಟಲನ್ನು ಬಿಗಿಮಾಡಿ ಬಿಡಿಸುತ್ತದೆ. ಈ ಎಚ್ಚರ ನಿನಗೆ ನೆನಪಿರುವುದಿಲ್ಲ. 'ನಾ ಛೊಲೋ ಮಲಗೇನಿ' ಎಂದು ನೀನು ಹೇಳುವುದು ಸುಳ್ಳಲ್ಲ, ಆದರೆ ಸಾಕ್ಷಿಗೆ ಬೆಲೆ ಇರುವುದು ನಿನ್ನ ಮಾತಿಗಲ್ಲ, ಪಕ್ಕದಲ್ಲಿ ಮಲಗಿದವರ ಮಾತಿಗೆ.

ಆ ಸಾಕ್ಷಿಯನ್ನು ದಾಖಲಿಸಿಕೊಳ್ಳಿ. ಬೆಳಗಿನ ಜಾವ 3ರಿಂದ 5ರ ನಡುವೆ ಕನಸಿನ ನಿದ್ದೆ ಹೆಚ್ಚು. ಆಗ ಸ್ನಾಯುಗಳು ಇನ್ನಷ್ಟು ಸಡಿಲಾಗಿ ತೊಂದರೆ ಬಲಿಯುತ್ತದೆ, ಅಂಗಾತ ಮಲಗಿದರಂತೂ ಹೇಳುವುದೇ ಬೇಡ. ಆ ಹೊತ್ತಿನಲ್ಲಿ ಅರ್ಧ ತಾಸು ಮೊಬೈಲಿನಲ್ಲಿ ವಿಡಿಯೋ ಮಾಡಲು ಆಕೆಗೆ ಹೇಳು. ಕೊರೋನಾ ಕಾಲದಲ್ಲಿ ತಂದ ಆಕ್ಸಿಮೀಟರನ್ನು ಹಗಲಲ್ಲಿ ಬೆರಳಿಗೆ ಹಾಕಿ '98 ಐತಿ' ಎಂದು ಸಮಾಧಾನ ಪಡಬೇಡ. ಎಚ್ಚರಿದ್ದಾಗ ನಿನ್ನ ಗಂಟಲು ತೆರೆದೇ ಇರುತ್ತದೆ.

ಹಗಲಿನ ದಣಿವಿಗೆ ನೀನು ಕೊಡುವ ಕಾರಣ ಅಂಗಡಿಯ ಕೆಲಸ. ಕೆಲಸದ ದಣಿವಿಗೂ ಇದಕ್ಕೂ ವ್ಯತ್ಯಾಸವಿದೆ. ದುಡಿದು ದಣಿದವನಿಗೆ ಮೈಕೈ ನೋಯುತ್ತದೆ, ಕೂತರೆ ಆರಾಮಾಗುತ್ತದೆ. ಈ ರೋಗದವನು ಕೂತನೆಂದರೆ ತೂಕಡಿಸುತ್ತಾನೆ. ಟಿವಿ ಮುಂದೆ, ಚಿಗರಿ ಬಸ್ಸಿನಲ್ಲಿ, ಊಟವಾದ ಮೇಲೆ ಗಲ್ಲೆಯ ಹಿಂದೆ, ಕೊನೆಗೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ. ಎಂಟು ತಾಸು ಮಲಗಿದರೂ ಬೆಳಿಗ್ಗೆ ಬಾಯಿ ಒಣಗಿರುತ್ತದೆ, ತಲೆ ಭಾರ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತೀ ಎಂದು ಶುಗರ್ ಪರೀಕ್ಷೆ ಮಾಡಿಸಿದೆ, ಸರಿಯಾಗಿಯೇ ಬಂತು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಜಗ್ಗಾಡಿದಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತಿಳಿದು ಹೃದಯವೇ ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಹಾಗಾಗಿ ರಾತ್ರಿ ಮೂತ್ರಕ್ಕೆ ಏಳುವುದೂ ಅದೇ ರೋಗದ ಗುರುತಾಗಿರಬಹುದು. ಒಂದು ಮಾತು ಮಾತ್ರ ನೆನಪಿಡು: ರೋಗ ಬಲಿತಿದ್ದರೂ ಹಗಲು ನಿದ್ದೆ ಬರದವರೂ ಇದ್ದಾರೆ. ಹೆಂಗಸರಲ್ಲಿ ಗೊರಕೆ ಮೆಲ್ಲಗಿದ್ದು, ಸುಸ್ತು, ತಲೆನೋವು, ನಿದ್ದೆ ಬಾರದ ದೂರಷ್ಟೇ ಕಾಣುವುದೂ ಉಂಟು.

ಈಗ ನಿನ್ನ ಲೆಕ್ಕ ಹಾಕೋಣ. ವೈದ್ಯರು ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳನ್ನು ಬಳಸುತ್ತಾರೆ, ಹೌದು ಅಂದರೆ ಒಂದು ಅಂಕ. ಗೊರಕೆ ಜೋರು, ಹಗಲು ದಣಿವು, ಉಸಿರು ನಿಂತದ್ದನ್ನು ಕಂಡವರಿದ್ದಾರೆ, ಬಿಪಿ ಗುಳಿಗೆ ನುಂಗುತ್ತೀ: ನಾಲ್ಕಾಯಿತು. ಗಂಡಸು, ಐದು. ನಿನ್ನ ಅಂಗಿಯ ಕಾಲರ್ 17 ಇಂಚು, ಅಂದರೆ ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ದಾಟಿದೆ, ಆರು. ವಯಸ್ಸು 43, ಇನ್ನೂ 50 ಆಗಿಲ್ಲ, ಅದಕ್ಕೆ ಸೊನ್ನೆ. ಎತ್ತರ 168 ಸೆಂಟಿಮೀಟರ್, ತೂಕ 92 ಕೆಜಿ, ಬಿಎಂಐ 33ರ ಹತ್ತಿರ. ಪ್ರಶ್ನೆ ಕೇಳುವುದು 35 ದಾಟಿದೆಯೇ ಎಂದು, ಹಾಗಾಗಿ ಅಲ್ಲೂ ಸೊನ್ನೆ. ಆ ಸೊನ್ನೆ ಕಂಡು ಹಿಗ್ಗಬೇಡ, ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜಿನ ಲೆಕ್ಕ. ಐದು ಬಂದರೆ ಅಪಾಯ ಹೆಚ್ಚು ಎನ್ನುತ್ತಾರೆ, ನಿನಗೆ ಆರು ಬಂದಿದೆ. ಆದರೂ ಇದು ರೋಗ ಖಚಿತಪಡಿಸುವುದಿಲ್ಲ, ಪರೀಕ್ಷೆ ಬೇಕೇ ಎಂಬುದನ್ನಷ್ಟೇ ಹೇಳುತ್ತದೆ.

ಆ ಪರೀಕ್ಷೆಯಲ್ಲಿ ನೋವಿಲ್ಲ. ಮೂಗಿಗೆ ಸಣ್ಣ ನಳಿಕೆ, ಎದೆಗೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ಒಂದು ರಾತ್ರಿ ಮಲಗಬೇಕು, ಅಷ್ಟೆ. ಉಸಿರು ಪೂರ್ತಿ ನಿಂತದ್ದು, ಅರೆಬರೆ ಆದದ್ದು ಎರಡನ್ನೂ ಎಣಿಸಿ ತಾಸಿನ ಲೆಕ್ಕ ತೆಗೆಯುತ್ತಾರೆ. ಆರು ತಾಸಿನಲ್ಲಿ 192 ಸಲವಾದರೆ ತಾಸಿಗೆ 32. ಐದರೊಳಗೆ ಇದ್ದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ.

ಬಪ್ಪಿ ಲಹಿರಿ ನೆನಪಿರಬೇಕು, 1986ರ 'ಆಫ್ರಿಕಾದಲ್ಲಿ ಶೀಲಾ' ಸಿನಿಮಾಕ್ಕೆ ಸಂಗೀತ ಕೊಟ್ಟವರು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ವೈದ್ಯರು ಹೇಳಿದ ಕಾರಣದಲ್ಲಿ ಇದೇ ರೋಗದ ಹೆಸರಿತ್ತು. ಅವರಿಗೆ ಬೇರೆ ತೊಂದರೆಗಳೂ ಇದ್ದವು. ಇವತ್ತು ರಾತ್ರಿಯೇ ಏನೋ ಆಗುತ್ತದೆ ಎಂದು ಹೆದರಿಸಲು ಇದನ್ನು ಬರೆಯಲಿಲ್ಲ. ಸಾಮಾನ್ಯವಾಗಿ ಇದು ವರ್ಷಗಟ್ಟಲೆ ಬಿಪಿ ಏರಿಸಿ, ಹೃದಯದ ಬಡಿತ ಕೆಡಿಸಿ, ಲಕ್ವಾದ ದಾರಿ ಸುಗಮ ಮಾಡುತ್ತದೆ. ನನ್ನ ಹೆಚ್ಚಿನ ಭಯ ನಿನ್ನ ಸ್ಟೇರಿಂಗಿನದು. ಬೆಳಗಾವಿಯಿಂದ ರಾತ್ರಿ ವಾಪಸು ಬರುವಾಗ ನರೇಂದ್ರದಿಂದ ಗಬ್ಬೂರಿನವರೆಗಿನ ಬೈಪಾಸಿನಲ್ಲಿ ಎರಡು ಸೆಕೆಂಡು ಕಣ್ಣು ಮುಚ್ಚಿದರೂ ಎದುರಿಗೆ ಲಾರಿ ಇರುತ್ತದೆ. ಚಹಾ ಕುಡಿದು, ಕಿಡಕಿ ತೆರೆದು ಓಡಿಸಿದರೂ ನಿದ್ದೆಯನ್ನು ತಡೆಯಲಾಗುವುದಿಲ್ಲ.

ಮೂಗಿಗೆ ತುಪ್ಪ, ಗೊರಕೆ ನಿಲ್ಲಿಸುವ ಪಟ್ಟಿ, ಇವು ಸಪ್ಪಳ ತಗ್ಗಿಸಿದರೂ ಗಂಟಲು ಮುಚ್ಚುವುದನ್ನು ತಪ್ಪಿಸಲಾರವು. ಸಪ್ಪಳ ತಗ್ಗಿ ರೋಗ ಉಳಿದರೆ ನಷ್ಟವೇ. ರಾತ್ರಿಯ ಎರಡು ಪೆಗ್ಗು, ನಿದ್ದೆ ಗುಳಿಗೆ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಮಧ್ಯಮ, ತೀವ್ರ ರೋಗಕ್ಕೆ ಮೊದಲ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ತೋರಿಸಿಕೊಟ್ಟ ಉಪಾಯ ಅದು. ಮೂಗಿನ ಮುಸುಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಹಾಕಿಕೊಂಡ ರಾತ್ರಿ ಮಾತ್ರ ಕೆಲಸ ಮಾಡುತ್ತದೆ ಎಂಬುದು ಅದರ ಮಿತಿ. ತೂಕ ಇಳಿಸುವುದು ನಿನ್ನ ಪಾಲಿನ ಕೆಲಸ.

ಬರುವ ಸೋಮವಾರ ವಿದ್ಯಾನಗರದ ಕಿಮ್ಸ್‌ಗಾಗಲಿ, ಸತ್ತೂರಿನ ಎಸ್‌ಡಿಎಂಗಾಗಲಿ ಹೋಗಿ ಎದೆರೋಗ ಇಲ್ಲವೆ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸು. ವಿಡಿಯೋ, ಬಿಪಿ ಗುಳಿಗೆಯ ಚೀಟಿ ಜೊತೆಗಿರಲಿ, ಹೆಂಡತಿಯೂ ಬರಲಿ. ಗೊರಕೆ ಎಂದಷ್ಟೇ ಹೇಳಬೇಡ, ಉಸಿರು ನಿಲ್ಲುತ್ತದೆ ಎಂದು ಹೇಳಿ ನಿದ್ದೆಯ ಪರೀಕ್ಷೆ ಬೇಕೇ ಎಂದು ಕೇಳು. ವರದಿ ಬಂದು ಚಿಕಿತ್ಸೆ ಶುರುವಾಗುವವರೆಗೆ ರಾತ್ರಿ ಕಾರು ಓಡಿಸಕೂಡದು. ಬೆಳಗಾವಿಗೆ ಬಸ್ಸಿದೆ, ರೈಲಿದೆ.

ನಿನ್ನ ಕಾಕಾ