ಬೆಳಗಿನ ಗದಾಯುದ್ಧಕ್ಕೂ ದನಿ ಉಳಿಯಬೇಕಾದರೆ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಊರುಗಳಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನಾಟಕ ನಡೆಯುತ್ತದೆ. ಸಭಾ ಕಾರ್ಯಕ್ರಮ ಮುಗಿದು ಪರದೆ ಏಳುವಾಗಲೇ ಹನ್ನೊಂದು ಗಂಟೆ. ದುರ್ಯೋಧನ ಗದೆ ಹಿಡಿದು ಬರುವುದು ಬೆಳಗಿನ ಜಾವಕ್ಕೆ. ಅಷ್ಟರಲ್ಲಿ ಎಷ್ಟೋ ಪಾತ್ರಧಾರಿಗಳ ಗಂಟಲು ಕಟ್ಟಿರುತ್ತದೆ. ಚಳಿ, ಧೂಳು, ದೃಷ್ಟಿ ಎಂದು ಕಾರಣ ಹೇಳುತ್ತೇವೆ. ಆದರೆ ಹೆಚ್ಚಿನ ಸಲ ಪೆಟ್ಟು ಬಿದ್ದಿರುವುದು ತಾಲೀಮಿನಲ್ಲೇ, ಶ್ರುತಿ ಆರಿಸಿದ ದಿನವೇ.

ಮೈಕ್ ಇಲ್ಲದ ಕಾಲದಲ್ಲಿ ಕಂದ, ವೃತ್ತಗಳು ಕೊನೆಯ ಸಾಲಿನವರಿಗೂ ಕೇಳಬೇಕೆಂದು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಈಗ ಮೈಕ್ ಇದೆ, ಶ್ರುತಿ ಮಾತ್ರ ಇಳಿದಿಲ್ಲ. ಗಂಡಸು ಮಾತನಾಡುವಾಗ ಸ್ವರತಂತುಗಳು ಸೆಕೆಂಡಿಗೆ ನೂರಕ್ಕೂ ಸ್ವಲ್ಪ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ಕಪ್ಪು ಒಂದರ ಶ್ರುತಿಯಲ್ಲಿ ತಾರಷಡ್ಜ ಹಿಡಿದರೆ ಅದು ಸುಮಾರು 280 ಸಲವಾಗುತ್ತದೆ. ಅಲ್ಲಿ ನಿಂತು ಆಲಾಪನೆ ಎಳೆದು, ‘ಒನ್ಸ್‌ಮೋರ್’ ಎಂದರೆ ಮತ್ತೆ ಎಳೆದರೆ ತಂತುಗಳ ಅಂಚು ಊದಿಕೊಳ್ಳದೆ ಏನು ಮಾಡೀತು?

ಶ್ರುತಿ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ನಿಮ್ಮ ಪದ್ಯದಲ್ಲಿ ಅತಿ ಮೇಲಕ್ಕೆ ಹೋಗುವ ಸಾಲನ್ನು ಮಗು ಮಲಗಿರುವ ಕೋಣೆಯಲ್ಲಿ ಹಾಡಿದಷ್ಟು ಮೆಲ್ಲಗೆ ಹಾಡಿ ನೋಡಿ. ಜೋರಾಗಿ ಬರುವುದು ಮೆಲ್ಲಗೆ ಬರದಿದ್ದರೆ ಆ ಶ್ರುತಿ ನಿಮ್ಮದಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿ ಕಪ್ಪು ಒಂದರಿಂದ ಬಿಳಿ ಒಂದಕ್ಕೆ, ಬೇಕಾದರೆ ಇನ್ನೊಂದು ಮನೆ ಕೆಳಕ್ಕೆ ಇಳಿಸಿಕೊಳ್ಳಿ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿಮ್ಮ ಗಂಟಲಿಗೆ ಗೊತ್ತಾಗುತ್ತದೆ. ಈ ಸಾಲನ್ನು ಪ್ರತಿದಿನ ಬೆಳಿಗ್ಗೆ ಇದೇ ರೀತಿ ಹಾಡಿ ನೋಡುತ್ತಿರಿ. ನಿನ್ನೆ ಸಲೀಸಾಗಿ ಬಂದದ್ದು ಇಂದು ಬರೀ ಗಾಳಿಯಾಗಿ ಹೊರಟರೆ ಅಥವಾ ದನಿ ಹುಟ್ಟಲು ಒಂದು ಕ್ಷಣ ತಡವಾದರೆ ತಂತುಗಳಲ್ಲಿ ಊತವಿದೆ ಎಂದು ತಿಳಿಯಿರಿ.

ನಾಟಕದ ದಿನ ಬೆಳಗಿನಿಂದಲೇ ಆಗಾಗ ನೀರು ಕುಡಿಯಿರಿ. ರಂಗದ ಪಕ್ಕದಲ್ಲಿ ಗಟಗಟ ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಸ್ವರತಂತುವನ್ನು ಮುಟ್ಟುವುದಿಲ್ಲ. ಅದು ಮೈಗೆ ಹಿಡಿದು ತಂತುಗಳಿಗೆ ತೇವ ಕೊಡಲು ಕೆಲವು ಗಂಟೆ ಬೇಕು. ಬಿಸಿನೀರಿನ ಹಬೆ ಮಾತ್ರ ನೇರವಾಗಿ ತಲುಪುತ್ತದೆ. ಬಣ್ಣ ಹಚ್ಚುವ ಮುಂಚೆ ಐದು ನಿಮಿಷ ಬರೀ ನೀರಿನ ಹಬೆ ತೆಗೆದುಕೊಳ್ಳಿ, ಮುಲಾಮು ಬೆರೆಸಬೇಡಿ. ಕಡೂರಿನ ಬಯಲಿನ ಒಣಗಾಳಿಗೆ ಇದು ಬೇಕೇ ಬೇಕು.

ಬಣ್ಣ ಹಚ್ಚಿದ ಮೇಲೆ ದನಿಯನ್ನು ಹದಕ್ಕೆ ತರಬೇಕು. ಅರ್ಧ ನೀರಿರುವ ಬಾಟಲಿಗೆ ಸ್ಟ್ರಾ ಇಟ್ಟು, ತುದಿಯನ್ನು ಎರಡು ಬೆರಳಗಲದಷ್ಟು ಮುಳುಗಿಸಿ ‘ಊ’ ಎಂದು ಊದಿ. ಗುಳ್ಳೆ ಏಳುತ್ತಿರುವಂತೆಯೇ ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಬಾಯೊಳಗೆ ಹಿಂದಕ್ಕೆ ಒತ್ತುವ ಗಾಳಿಯಿಂದ ತಂತುಗಳು ಬಲವಾಗಿ ಬಡಿದುಕೊಳ್ಳದೆ ಮೆದುವಾಗಿ ಕೂಡುತ್ತವೆ. ಐದು ನಿಮಿಷ ಸಾಕು. ರಾತ್ರಿ ಎರಡು ದೃಶ್ಯಗಳ ನಡುವೆಯೂ, ನಾಟಕ ಮುಗಿದ ಮೇಲೂ ಇದನ್ನೇ ಎರಡೆರಡು ನಿಮಿಷ ಮಾಡಿ.

ರಂಗದ ಮೇಲೆ ನಮ್ಮ ದನಿ ನಮಗೇ ಕೇಳದಿದ್ದರೆ ತಾನಾಗಿ ಕಿರುಚುತ್ತೇವೆ. ಒಂದು ಸ್ಪೀಕರನ್ನು ಪಾತ್ರಧಾರಿಗಳ ಕಡೆಗೆ ತಿರುಗಿಸಲು ಮೈಕ್‌ಸೆಟ್ಟಿನವರಿಗೆ ಮೊದಲೇ ಹೇಳಿಡಿ. ದುರ್ಯೋಧನನ ಆರ್ಭಟಕ್ಕೆ ಗಂಟಲು ಬಿಗಿಯಬೇಡಿ. ಹೊಟ್ಟೆಯ ಉಸಿರಿನಿಂದ ಒತ್ತಕ್ಷರಗಳನ್ನು ಗಟ್ಟಿಯಾಗಿ ಆಡಿದರೆ ಮೈಕೇ ಆರ್ಭಟಿಸುತ್ತದೆ. ಪಾತ್ರ ದೊಡ್ಡದಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚುವಂತೆ ದುರ್ಯೋಧನನನ್ನೂ ಹಂಚಿಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ.

ಮಧ್ಯರಾತ್ರಿಯ ಮಂಡಕ್ಕಿ–ಮೆಣಸಿನಕಾಯಿ ನಮ್ಮವರಿಗೆ ಪ್ರಿಯ. ಆದರೆ ತುಂಬಿದ ಹೊಟ್ಟೆಗೆ ಡಾಬು, ಪಟ್ಟಿ ಬಿಗಿದಾಗ ಹುಳಿ ಮೇಲೆ ಬಂದು ಗಂಟಲು ಸುಡುತ್ತದೆ. ಸಂಜೆಯೇ ಉಂಡು, ನಡುವೆ ಬಾಳೆಹಣ್ಣು ತಿನ್ನಿ. ಲವಂಗ ಬಾಯಲ್ಲಿಟ್ಟುಕೊಂಡರೆ ನೋವು ಮರಗಟ್ಟುತ್ತದೆ, ಗಾಯ ಹಾಗೇ ಇರುತ್ತದೆ. ನೋವು ತಿಳಿಯದೆ ಇನ್ನಷ್ಟು ಕೂಗುತ್ತೀರಿ. ಬೀಡಿ, ಮದ್ಯ ಬೇಡವೇ ಬೇಡ. ಕೆರೆದು ಕೆಮ್ಮುವ ಬದಲು ಒಂದು ಗುಟುಕು ನೀರು ನುಂಗಿ.

ಮರುದಿನ ಇನ್ನೊಂದು ಊರಿನಲ್ಲಿ ನಾಟಕವಿದ್ದರೆ ಮಧ್ಯಾಹ್ನದವರೆಗೆ ಮೌನವಾಗಿರಿ. ಪಿಸುಮಾತು ವಿಶ್ರಾಂತಿಯಲ್ಲ, ಅದರಲ್ಲೂ ಗಂಟಲು ಬಿಗಿಯುತ್ತದೆ. ಸಂಜೆಯೂ ಮೆಲುದನಿಯ ಪರೀಕ್ಷೆಯಲ್ಲಿ ಸೋತರೆ ಆ ರಾತ್ರಿ ಬದಲಿ ಪಾತ್ರಧಾರಿಯೇ ಸರಿ.

ಕೂಗುತ್ತಿದ್ದಂತೆ ದನಿ ತಟ್ಟನೆ ನಿಂತುಹೋದರೆ ತಂತುವಿನಲ್ಲಿ ರಕ್ತ ಒಸರಿರಬಹುದು. ಅಲ್ಲಿಗೇ ಮಾತು ನಿಲ್ಲಿಸಿ, ವೈದ್ಯರನ್ನು ಕೇಳದೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಮರುದಿನವೇ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ. ಎರಡು ವಾರ ಕಳೆದರೂ ಬಿಡದ ಗೊಗ್ಗರು ದನಿಗೂ ಇದೇ ಮಾತು. ಬೀಡಿ ಸೇದುವವರಂತೂ ಒಂದು ದಿನವೂ ತಡಮಾಡಬಾರದು. ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರದಲ್ಲೇ ಇದೆ.