ಹಿರಿಯ ನಾಯಿ, ಹೊಸ ಮರಿ

ಎಂಟು ವರ್ಷದ ನಾಯಿಯಿರುವ ಮನೆಗೆ ಒಂಬತ್ತು ವಾರದ ಮರಿಯೊಂದು ಬಂದಿತೆಂದು ಭಾವಿಸೋಣ. ಮರಿಯು ಹಿರಿಯ ನಾಯಿಯ ಮುಖದ ಮೇಲೆಯೇ ಹಾರುತ್ತದೆ. ಹಿರಿಯ ನಾಯಿ ಗುರುಗುಟ್ಟುತ್ತದೆ. ಮನೆಯವರು ಅದನ್ನು ಗದರಿಸಿ ಹೊರಗೆ ಕಟ್ಟುತ್ತಾರೆ. ಕೆಲವು ದಿನ ಹೀಗೆಯೇ ನಡೆದ ಮೇಲೆ ಒಮ್ಮೆ ಅದು ಸದ್ದಿಲ್ಲದೆ ಮರಿಯನ್ನು ಕಚ್ಚಿಬಿಡುತ್ತದೆ. ಇದಕ್ಕೆ ಕಾರಣವೇನು?

ಗುರುಗುಟ್ಟುವುದು ಜಗಳದ ಆರಂಭವಲ್ಲ. ಜಗಳವನ್ನು ತಪ್ಪಿಸುವ ಸಂಜ್ಞೆ. ಅಸಮಾಧಾನಗೊಂಡ ನಾಯಿ ಸಾಮಾನ್ಯವಾಗಿ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಅದು ಫಲಿಸದಿದ್ದರೆ ಮೈ ಸೆಟೆದು ನಿಲ್ಲುತ್ತದೆ. ಬಳಿಕ ಗುರುಗುಟ್ಟಿ ಹಲ್ಲು ತೋರುತ್ತದೆ. ಕಡಿತವು ಕೊನೆಯ ಮೆಟ್ಟಿಲು. ಗುರುಗುಟ್ಟಿದ್ದಕ್ಕೆ ಶಿಕ್ಷಿಸಿದರೆ ಸಂಜ್ಞೆ ಅಡಗಬಹುದು, ಅಸಮಾಧಾನ ಅಡಗದು. ಅಷ್ಟೇ ಅಲ್ಲ, ರಷ್ಯದ ವಿಜ್ಞಾನಿ ಪಾವ್ಲೋವರು ನಾಯಿಗಳಲ್ಲಿಯೇ ತೋರಿಸಿಕೊಟ್ಟಂತೆ, ಜೊತೆಜೊತೆಯಾಗಿ ಬರುವ ಎರಡು ಅನುಭವಗಳು ಪ್ರಾಣಿಯಲ್ಲಿ ಬೆಸೆದುಕೊಳ್ಳುತ್ತವೆ. ಮರಿ ಬಂದಾಗಲೆಲ್ಲ ಗದರಿಕೆಯೂ ಬಂದರೆ, ಮರಿಯೇ ಕೇಡಿನ ಸೂಚನೆಯಾಗುತ್ತದೆ.

ಇದೇ ತತ್ತ್ವವನ್ನು ನಾವು ಒಳ್ಳೆಯದಕ್ಕೂ ಬಳಸಬಹುದು. ಮರಿಯನ್ನು ತರುವ ಮೊದಲೇ ಅದು ಮಲಗಿದ್ದ ಬಟ್ಟೆಯ ತುಂಡನ್ನು ತಂದು ಹಿರಿಯ ನಾಯಿಗೆ ಮೂಸಲು ಕೊಟ್ಟು, ಒಡನೆಯೇ ಅದಕ್ಕೆ ಪ್ರಿಯವಾದ ತಿನಿಸನ್ನು ನೀಡಬೇಕು. ಮೊದಲ ಭೇಟಿ ಮನೆಯೊಳಗೆ ಬೇಡ. ಹಿರಿಯ ನಾಯಿ ತನ್ನದೆಂದು ಭಾವಿಸದ ಸ್ಥಳವಾಗಬೇಕು. ಆದರೆ ಮರಿಯ ಚುಚ್ಚುಮದ್ದುಗಳು ಇನ್ನೂ ಪೂರ್ಣವಾಗಿರುವುದಿಲ್ಲ. ಬೀದಿಯ ಮಣ್ಣಿನಲ್ಲಿ ಪಾರ್ವೋ ರೋಗದ ವೈರಸ್ಸು ಬಹುಕಾಲ ಉಳಿಯಬಲ್ಲುದಾದ್ದರಿಂದ, ನಾಯಿಗಳು ಓಡಾಡದ ಸ್ನೇಹಿತರ ಅಂಗಳವೇ ಲೇಸು.

ಇಬ್ಬರು ಒಂದೊಂದು ನಾಯಿಯನ್ನು ಹಿಡಿದು, ದೂರದಿಂದ ಒಂದೇ ದಿಕ್ಕಿನಲ್ಲಿ ನಡೆಯುತ್ತ ಕ್ರಮೇಣ ಸಮೀಪಿಸಬೇಕು. ಹಗ್ಗ ಸಡಿಲವಾಗಿರಲಿ, ಬಿಗಿದರೆ ನಾಯಿಗೆ ಮುಖ ತಿರುಗಿಸಿ ದೂರ ಸರಿಯುವ ದಾರಿಯೇ ಇಲ್ಲವಾಗುತ್ತದೆ. ನಾಲ್ಕೈದು ಸೆಕೆಂಡು ಮೂಸಿದ ಕೂಡಲೇ ಎರಡನ್ನೂ ಕರೆದು ತಿನಿಸು ಕೊಡಬೇಕು. ಹೀಗೆ ಹಲವು ಸಲ ನಡೆದ ಮೇಲೆ, ಮೈ ಸಡಿಲವಾಗಿದ್ದರೆ ಮನೆಗೆ ಕರೆತರಬಹುದು. ಅದಕ್ಕೆ ಮುಂಚೆ ಊಟದ ಬಟ್ಟಲು, ಮೂಳೆಗಳನ್ನು ನೆಲದಿಂದ ತೆಗೆದಿರಿಸಬೇಕು. ಇನ್ನು ಮುಂದೆ ಊಟ ಬೇರೆ ಬೇರೆ ಕೋಣೆಗಳಲ್ಲಿ. ಮರಿಗೆ ಪ್ರವೇಶವಿಲ್ಲದ ಒಂದು ಮೂಲೆ ಹಿರಿಯ ನಾಯಿಗೆ ಮೀಸಲು. ಮೊದಲ ಕೆಲವು ವಾರ ಅವೆರಡನ್ನೇ ಬಿಟ್ಟು ಹೋಗಕೂಡದು.

ಈಗ ಮತ್ತೆ ಗುರುಗುಟ್ಟಿದರೆ? ಮರಿ ಹಿಂದೆ ಸರಿದರೆ ನಾವು ಸುಮ್ಮನಿರಬೇಕು; ಪಾಠ ಮುಗಿಯಿತು. ಮರಿ ಮತ್ತೆ ಮತ್ತೆ ಮೇಲೆ ಬಿದ್ದರೆ ಮರಿಯನ್ನೇ ಎತ್ತಿ ದೂರ ಒಯ್ಯಬೇಕು, ಹಿರಿಯದನ್ನು ಗದರಿಸಬಾರದು. ಮರಿ ಅಂಗಾತ ಬಿದ್ದು ಶರಣಾದ ಮೇಲೂ ಹಿರಿಯ ನಾಯಿ ಬಿಡದಿದ್ದರೆ, ಅಥವಾ ಊಟ ಬಿಟ್ಟು ಅಡಗಿ ಕುಳಿತರೆ, ಎರಡನ್ನೂ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು. ವಯಸ್ಸಾದ ನಾಯಿಯ ಸಿಡುಕಿಗೆ ಎಷ್ಟೋ ಸಲ ಕೀಲುನೋವೇ ಕಾರಣವಾಗಿರುತ್ತದೆ.